ಉಳಿದ ಅನ್ನದ ಫ್ರೈಡ್ ರೈಸ್: ಗಂಟೂ ಬೇಡ, ಜಿಡ್ಡೂ ಬೇಡ

ಕೇಳಿದವರು: ಫ್ರಿಜ್‌ನಲ್ಲಿಟ್ಟ ಅನ್ನ ಬಾಣಲೆಗೆ ಹಾಕಿದರೆ ಗಂಟು ಗಂಟಾಗಿಯೇ ಉಳಿಯುತ್ತೆ. ಬಿಡಿಸೋಕೆ ಅಂತ ಎಣ್ಣೆ ಹಾಕ್ತಾ ಹೋದರೆ ಕೊನೆಗೆ ಬರೀ ಜಿಡ್ಡು. ನೀವೆಲ್ಲ ಹೇಗೆ ಮಾಡ್ತೀರಿ?

ಬಿಸಿಬಾಣಲೆ: ಗಂಟು ಬಿಡಿಸೋ ಕೆಲಸ ಒಲೆ ಹಚ್ಚೋಕೆ ಮುಂಚೆಯೇ ಮುಗಿಯಬೇಕು. ಅಕ್ಕಿಕಾಳುಗಳನ್ನು ಅಂಟಿಸಿರುವುದು ಅದರ ಗಂಜಿಯ ಅಂಟು, ತಣ್ಣಗಾದ ಮೇಲೆ ಅದು ಗಟ್ಟಿಯಾಗಿ ಕೂತಿರುತ್ತೆ. ಎಣ್ಣೆಗೆ ಅದು ಜಗ್ಗಲ್ಲ. ನೀವು ಸುರಿದ ಎಣ್ಣೆ ಗಂಟಿನ ಹೊರಗೇ ಮೆತ್ತಿಕೊಳ್ಳುತ್ತೆ, ಒಳಗೆ ಅನ್ನ ತಣ್ಣಗೇ ಇರುತ್ತೆ. ಜಿಡ್ಡೂ ಗಂಟೂ ಒಟ್ಟಿಗೆ ಬರೋದು ಹೀಗೆ. ಅದು ಸಡಿಲವಾಗೋದು ಸ್ವಲ್ಪ ನೀರಿಗೆ, ಸ್ವಲ್ಪ ಬಿಸಿಗೆ.

ನಾನು ಅನ್ನವನ್ನು ಅಗಲವಾದ ತಟ್ಟೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಬೆರಳ ತುದಿಯಲ್ಲಿ ಉದುರಿಸುತ್ತೇನೆ. ಹಿಸುಕಬಾರದು, ಹಿಸುಕಿದರೆ ಕಾಳು ಮುರಿದು ಇನ್ನಷ್ಟು ಅಂಟುತ್ತೆ. ತೀರಾ ಕಲ್ಲಿನ ಹಾಗಿದ್ದರೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಮೈಕ್ರೋವೇವ್‌ನಲ್ಲಿ ಒಂದು ನಿಮಿಷ. ಆಮೇಲೆ ತಾನಾಗಿಯೇ ಬಿಡುತ್ತೆ.

ಇನ್ನು ಎಣ್ಣೆ. 3 ಕಪ್ ಅನ್ನ, 2 ಮೊಟ್ಟೆ, ಒಂದು ಹಿಡಿ ತರಕಾರಿ ಅಂದುಕೊಳ್ಳಿ. ಎಲ್ಲಾ ಸೇರಿ 6 ಟೀ ಚಮಚ ಎಣ್ಣೆ ಸಾಕು, ಆದರೆ ಒಮ್ಮೆಗೇ ಅಲ್ಲ. 1 ಚಮಚದಲ್ಲಿ ಮೊಟ್ಟೆ ಕದಡಿ, ಇನ್ನೂ ಮೆತ್ತಗಿರುವಾಗಲೇ ತೆಗೆದಿಡಿ. 2 ಚಮಚದಲ್ಲಿ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ತರಕಾರಿ, ಅದನ್ನೂ ತೆಗೆದಿಡಿ. ಉಳಿದ 3 ಚಮಚ ಅನ್ನಕ್ಕೆ. ಬಾಣಲೆ ಚಿಕ್ಕದಿದ್ದರೆ ಅರ್ಧರ್ಧ ಮಾಡಿ, ಎಲ್ಲವನ್ನೂ ತುಂಬಿದರೆ ಬಾಣಲೆ ತಣ್ಣಗಾಗಿ ಅನ್ನ ತನ್ನ ಹಬೆಯಲ್ಲೇ ಬೇಯುತ್ತೆ.

ಅನ್ನ ಹಾಕಿದ ಮೇಲೆ ಹರಡಿ ಅರ್ಧ ನಿಮಿಷ ಸುಮ್ನೆ ಬಿಡಿ. ಆಮೇಲೆ ತಿರುವಿ, ಮತ್ತೆ ಹರಡಿ. ಮೊದಲು ಒದ್ದೆ ಸದ್ದು ಬರುತ್ತೆ, ಸುಂಯ್ ಅಂತ. ಆಮೇಲೆ ಅದು ಚಿಟಪಟ ಆಗುತ್ತೆ, ಒಂದೊಂದು ಕಾಳು ಎಗರೋಕೆ ಶುರುಮಾಡುತ್ತೆ. ಆಗ ಸೋಯಾ ಸಾಸ್ 2 ಟೀ ಚಮಚ, ಅನ್ನದ ಮೇಲಲ್ಲ, ಬಿಸಿ ಬಾಣಲೆಯ ಅಂಚಿಗೆ. ಅನ್ನದ ಮೇಲೇ ಸುರಿದರೆ ಒಂದು ಕಡೆ ಕಪ್ಪು ಮುದ್ದೆ, ಇನ್ನೊಂದು ಕಡೆ ಬಿಳಿ. ಕೊನೆಗೆ ಮೊಟ್ಟೆ, ತರಕಾರಿ, ಈರುಳ್ಳಿ ಸೊಪ್ಪು ಸೇರಿಸಿ ಇಳಿಸಿ. ಜಾಸ್ತಿಯಾಯಿತಾ ಅಂತ ನೋಡೋಕೆ ಅನ್ನವನ್ನು ಪಕ್ಕಕ್ಕೆ ಸರಿಸಿ. ತಳದಲ್ಲಿ ಎಣ್ಣೆ ಹರಿದು ನಿಂತರೆ ಜಾಸ್ತಿಯಾಗಿದೆ ಅಂತ ಅರ್ಥ.

ಹಸಿವಾದವ: ಇಷ್ಟೆಲ್ಲ ಯಾಕೆ? ಹಳೆಯ ಅನ್ನ ಇದ್ದರೆ ಸಾಕು, ಒಂದು ದಿನವಾದರೂ ಆಗಿರಲೇಬೇಕು. ರಾತ್ರಿ ಅಡುಗೆಮನೆಯಲ್ಲೇ ಇಟ್ಟುಬಿಡಿ, ಇನ್ನೂ ಚೆನ್ನಾಗಿ ಒಣಗುತ್ತೆ. ಹೇಗೂ ಹುರಿಯುತ್ತೀವಲ್ಲ. ಉರಿ ಮಾತ್ರ ಜೋರಾಗಿರಲಿ.

ಬಿಸಿಬಾಣಲೆ: ಉರಿಯ ಮಾತು ಒಪ್ಪಿದೆ. ಹೊರಗಿಡೋದು ಮಾತ್ರ ಬೇಡ ಮಾರಾಯ್ರೇ. ಬೇಯಿಸಿದರೂ ಸಾಯದೆ ಅನ್ನದಲ್ಲಿ ಉಳಿಯೋ ಒಂದು ಬ್ಯಾಕ್ಟೀರಿಯಾ ಇದೆ, ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅದು ಬೆಳೆದು ವಿಷ ಮಾಡುತ್ತೆ. ಆ ವಿಷ ಹುರಿದರೂ ಹೋಗಲ್ಲ. ಊಟ ಮುಗಿದ ಮೇಲೆ ತಟ್ಟೆಯಲ್ಲಿ ಹರಡಿ ಆರಿಸಿ, ಬೇಗ ಫ್ರಿಜ್‌ಗೆ ಸೇರಿಸಿ. ಇನ್ನು ಒಂದು ದಿನ ಆಗಲೇಬೇಕು ಅಂತೇನಿಲ್ಲ. ಬಿಸಿ ಅನ್ನವನ್ನೇ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಅರ್ಧ ಗಂಟೆ ಇಟ್ಟರೂ ಮೇಲಿನ ತೇವ ಹಾರಿ ಕೆಲಸ ಆಗುತ್ತೆ.

ಮುದ್ದೆಯಾಯ್ತು: ನಮ್ಮನೆಯಲ್ಲಿ ನೀರು ಜಾಸ್ತಿಯಾಗಿ ಅನ್ನ ಪೂರ್ತಿ ಮೆತ್ತಗಾಗಿದೆ. ಅದಕ್ಕೆ ಎಷ್ಟು ನೀರು ಚಿಮುಕಿಸಲಿ?

ಬಿಸಿಬಾಣಲೆ: ಒಂದು ಹನಿಯೂ ಬೇಡ! ನೀರು ಚಿಮುಕಿಸೋದು ಒಣಗಿ ಗಟ್ಟಿಯಾದ ಅನ್ನಕ್ಕೆ. ನಿಮ್ಮದನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮುಚ್ಚದೆ ಫ್ರಿಜ್‌ನಲ್ಲಿಡಿ, ಸ್ವಲ್ಪ ಸುಧಾರಿಸುತ್ತೆ. ಉದುರುದುರಾಗಿ ಬರೋದು ಮಾತ್ರ ಕಷ್ಟ, ಕಾಳು ಒಡೆದು ಹೋಗಿದೆ. ನಾನಾದರೆ ಅದರಿಂದ ಸೂಪ್ ಮಾಡುತ್ತೇನೆ.

ಅಕ್ಕ_ಅಡುಗೆ: ನನಗೆ ಮೈಕ್ರೋವೇವ್ ಮಾತು ಒಪ್ಪಿಗೆಯಿಲ್ಲ. ಬಿಸಿಯಾದ ಅನ್ನ ಬಾಣಲೆಗೆ ಬಿದ್ದರೆ ನನ್ನದು ತಳ ಹಿಡಿಯುತ್ತೆ. ತಣ್ಣಗಿರೋದನ್ನೇ ಕೈಯಲ್ಲಿ ಉದುರಿಸಿ ಹಾಕುತ್ತೇನೆ, ಸಮಯ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಬಿಸಿಬಾಣಲೆ: ಅಕ್ಕ, ಮುಚ್ಚಳ ತೆಗೆದು ಹಬೆ ಹೋಗೋವರೆಗೆ ಬಿಟ್ಟು ನೋಡಿದ್ದೀರಾ? ನನ್ನದು ನಾನ್‌ಸ್ಟಿಕ್ ಬಾಣಲೆ, ಅದಕ್ಕೇ ಹಿಡಿಯುತ್ತಿಲ್ಲವೇನೋ.

ಅಕ್ಕ_ಅಡುಗೆ: ನನ್ನದು ಕಬ್ಬಿಣದ್ದು. ಹೊಗೆಯಾಡೋವರೆಗೆ ಕಾಯಿಸಿ ಎಣ್ಣೆ ಹಾಕುತ್ತೇನೆ, ಆದರೂ ಬಿಸಿ ಅನ್ನ ಹಿಡಿಯುತ್ತೆ.

ಕೇಳಿದವರು: ಒದ್ದೆ ಕೈಯಲ್ಲಿ ಉದುರಿಸಿ ಮಾಡಿದೆ, ಗಂಟು ಹೋಯಿತು. ಎಣ್ಣೆ ಅಳೆದೇ ಹಾಕಿದೆ, ಜಿಡ್ಡಿಲ್ಲ. ಆದರೆ ಎಲೆಕೋಸು ನೀರು ಬಿಟ್ಟು ಕೊನೆಗೆ ಅನ್ನ ಸ್ವಲ್ಪ ಒದ್ದೆಯಾಯಿತು. ತರಕಾರಿಗೆ ಉಪ್ಪು ಮೊದಲೇ ಹಾಕಿದ್ದೆ, ಅದರಿಂದಲೋ ಏನೋ?

ಬಿಸಿಬಾಣಲೆ: ಅದರಿಂದಲೇ. ಉಪ್ಪು ಬಿದ್ದ ತಕ್ಷಣ ಎಲೆಕೋಸು ನೀರು ಬಿಡುತ್ತೆ. ಉಪ್ಪನ್ನು ಅನ್ನ ಹಾಕಿದ ಮೇಲೆ ಹಾಕಿ, ಅದೂ ಸೋಯಾ ಸಾಸ್ ಆದ ಮೇಲೆ ರುಚಿ ನೋಡಿ, ಸಾಸ್‌ನಲ್ಲೇ ಉಪ್ಪು ಇರುತ್ತಲ್ಲ.