ಬ್ಯಾಚ್ ನಾರ್ಮ್ ಬಿಟ್ಟು ಲೇಯರ್ ನಾರ್ಮ್‌ಗೆ ಹೋದವರು ಇದ್ದೀರಾ?

ಕುವೆಂಪುನಗರ: ಮಂಡ್ಯ ಕಡೆಯ ರೈತರು ಕಳಿಸೋ ಕನ್ನಡ ಪ್ರಶ್ನೆಗಳನ್ನು ವಿಂಗಡಿಸೋಕೆ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಕಟ್ಟುತ್ತಿದ್ದೇನೆ. ನನ್ನ ಜಿಪಿಯುನಲ್ಲಿ ಬ್ಯಾಚ್ 8ರ ಮೇಲೆ ಹಿಡಿಯಲ್ಲ. ಚಿತ್ರಗಳ ಪ್ರಾಜೆಕ್ಟ್‌ನಲ್ಲಿ, ಇಡೀ ಬ್ಯಾಚ್‌ನ ಸರಾಸರಿ ಹಿಡಿದು ಅಂಕಿಗಳನ್ನು ಹದಕ್ಕೆ ತರೋ ಬ್ಯಾಚ್ ನಾರ್ಮ್ ಚೆನ್ನಾಗಿತ್ತು. ಇಲ್ಲಿ ಎಲ್ಲರೂ ಲೇಯರ್ ನಾರ್ಮ್ ಅಂತಾರೆ. ಯಾಕೆ? ಎರಡನ್ನೂ ಬಳಸಿದವರು ಹೇಳಿ.

ಆಲೆಮನೆ ಅಣ್ಣ, ಮಂಡ್ಯ: ನಾನು ಬ್ಯಾಚ್ ನಾರ್ಮ್ ಪಾರ್ಟಿ, ಮೊದಲೇ ಹೇಳಿಬಿಡ್ತೀನಿ. ನಮ್ಮ ಆಲೆಮನೆ ಕೊಪ್ಪರಿಗೆ ಮೇಲೆ ಕ್ಯಾಮೆರಾ ಇಟ್ಟಿದ್ದೀನಿ. ಪಾಕ ಇಳಿಸೋ ಹದ ಬಂತಾ ಇಲ್ವಾ ಅಂತ ಬಣ್ಣ, ನೊರೆ ನೋಡಿ ಹೇಳುತ್ತೆ. ಓಡೋದು ಒಂದು ರಾಸ್ಪ್‌ಬೆರಿ ಪೈ ಮೇಲೆ. ಹಬೆಗೆ ಒಂದು ಕ್ಯಾಮೆರಾ ಹೋಯ್ತು. ಅದಕ್ಕೆ ಗಾಜಿನ ಡಬ್ಬಿ ಮಾಡಿಸಿದೆ, ಅದೂ ಬಿರುಕು ಬಿಡ್ತು, ಆಮೇಲೆ ಪಕ್ಕದಿಂದ ಫ್ಯಾನ್ ಕೊಟ್ಟೆ. ಆದರೆ ಮಾಡೆಲ್ ಒಂದು ದಿನವೂ ಕೈ ಕೊಟ್ಟಿಲ್ಲ. ಟ್ರೈನಿಂಗ್ ಮುಗಿದ ಮೇಲೆ ಬ್ಯಾಚ್ ನಾರ್ಮ್‌ನ ಸರಾಸರಿ ಬದಲಾಗೋದೇ ಇಲ್ಲ. ಹಾಗಾಗಿ ಅದನ್ನು ಹಿಂದಿನ ಕನ್ವಲ್ಯೂಷನ್ ವೇಟ್‌ಗಳ ಒಳಗೇ ಸೇರಿಸಿಬಿಡಬಹುದು, ಓಡುವಾಗ ಅದರ ಖರ್ಚು ಸೊನ್ನೆ. ಲೇಯರ್ ನಾರ್ಮ್‌ಗೆ ಆ ಭಾಗ್ಯ ಇಲ್ಲ. ಪ್ರತಿ ಸಲ ಕೂತು ಲೆಕ್ಕ ಹಾಕಬೇಕು. ಫ್ಯಾಶನ್ ಅಂತ ಎಲ್ಲರೂ ಅದರ ಹಿಂದೆ ಓಡೋದು ನನಗೆ ಅರ್ಥ ಆಗಲ್ಲ.

ಬಾಡಿಗೆ ಜಿಪಿಯು: ಅಣ್ಣಾ, ಬೆಲ್ಲದ ಚಿತ್ರಕ್ಕೂ ವಾಕ್ಯಕ್ಕೂ ಏನು ಸಂಬಂಧ? ನನ್ನ ಕಥೆ ಕೇಳಿ. ಎಂ.ಟೆಕ್ ಪ್ರಾಜೆಕ್ಟ್‌ಗೆ ನಮ್ಮ ಗೈಡ್ ಟ್ರಾನ್ಸ್‌ಫಾರ್ಮರ್‌ನಲ್ಲೂ ಬ್ಯಾಚ್ ನಾರ್ಮೇ ಇರಲಿ, ಹೊಸತನ ಕಾಣುತ್ತೆ ಅಂತ ಹಠ ಹಿಡಿದರು. ಮೆಮೊರಿ ಸಾಲದೆ ಬ್ಯಾಚ್ 8. ನಾಲ್ಕು ಬ್ಯಾಚ್‌ನ ಗ್ರೇಡಿಯಂಟ್ ಕೂಡಿಸು, 32 ಆಗುತ್ತೆ ಅಂದರು. ಎಲ್ಲಿ ಆಗುತ್ತೆ? ಗ್ರೇಡಿಯಂಟ್ 32ರದ್ದಾಯ್ತು, ಬ್ಯಾಚ್ ನಾರ್ಮ್ ಕಣ್ಣಿಗೆ ಬೀಳೋದು ಆಗಲೂ 8 ವಾಕ್ಯವೇ. ಗಂಟೆ ಲೆಕ್ಕದ ಬಾಡಿಗೆ, ರಾತ್ರಿ ಇನ್‌ಸ್ಟನ್ಸ್ ನಿಲ್ಲಿಸೋದು ಮರೆತರೆ ಅದಕ್ಕೂ ಬಾಡಿಗೆ, ಡಿಸ್ಕ್‌ಗೆ ಬೇರೆ ಬಾಡಿಗೆ, ಇದರ ಮೇಲೆ ಜಿಎಸ್‌ಟಿ. ಅಪ್ಪನ ಹತ್ತಿರ ಕಬ್ಬಿನ ದುಡ್ಡು ಬಂದ ವಾರವೇ ಕೈ ಚಾಚಿದ್ದೆ. ಟ್ರೈನಿಂಗ್ ಲಾಸ್ ಚೆನ್ನಾಗಿ ಇಳೀತಿತ್ತು. `model.eval()` ಹಾಕಿ ಟೆಸ್ಟ್ ಮೋಡ್‌ಗೆ ಹೋದ ಕೂಡಲೇ ಉತ್ತರ ಎಲ್ಲ ಎಡವಟ್ಟು. ವೈವಾದಲ್ಲಿ ಬೈಸಿಕೊಂಡವನು ನಾನು, ಗೈಡ್ ಅಲ್ಲ.

ಹಳೇ ಸಿ ಪ್ರೋಗ್ರಾಮರ್: ಇಷ್ಟು ದೊಡ್ಡ ವಿಷಯ ಏನಿಲ್ಲ ಕಣ್ರೀ. ವಾಕ್ಯಗಳ ಉದ್ದ ಒಂದೇ ಸಮ ಇರಲ್ಲ, ಚಿಕ್ಕದನ್ನು ಉದ್ದದ್ದಕ್ಕೆ ಸರಿಗಟ್ಟೋಕೆ ಖಾಲಿ ಟೋಕನ್ ತುಂಬೋ ಪ್ಯಾಡಿಂಗ್ ಸೇರುತ್ತೆ, ಅದಕ್ಕೆ ಲೇಯರ್ ನಾರ್ಮ್. ಪ್ಯಾಡಿಂಗ್‌ಗೆ ಮಾಸ್ಕ್ ಹಾಕಿದರೆ ಬ್ಯಾಚ್ ನಾರ್ಮೂ ಸರಿಯಾಗುತ್ತೆ. ನಾನು ಹಾಕಿ ನೋಡಿಲ್ಲ, ತರ್ಕ ಹೇಳ್ತಿದ್ದೀನಿ.

ಸರಸ್ವತಿಪುರಂ: ತರ್ಕ ಅರ್ಧ ಸರಿ ಸರ್. ಕೇಳಿದವರ ಬ್ಯಾಚ್ ಸೈಜನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಎಂಟು ಪ್ರಶ್ನೆ. ಒಬ್ಬ ರೈತರು ವಿ.ಸಿ. ನಾಲೆ ನೀರಿನಿಂದ ಹಿಡಿದು ಕಬ್ಬಿನ ಸುಳಿ ಕೊರಕದ ತನಕ 120 ಟೋಕನ್ ಬರೆದಿದ್ದಾರೆ. ಉಳಿದ ಏಳು ತಲಾ 15. ಒಟ್ಟು ಜಾಗ 960, ನಿಜವಾದ ಟೋಕನ್ 225. ಒಂದು ಫೀಚರ್‌ನ ನಿಜವಾದ ಸರಾಸರಿ 2, ವೇರಿಯನ್ಸ್ 1, ಪ್ಯಾಡಿಂಗ್ ಜಾಗದಲ್ಲಿ ಸೊನ್ನೆ ಅಂತ ಇಟ್ಟುಕೊಳ್ಳಿ. ಬ್ಯಾಚ್ ನಾರ್ಮ್‌ಗೆ ಸಿಗೋ ಸರಾಸರಿ 0.47. 2 ಅನ್ನೋ ಬೆಲೆ ಹೊರಗೆ ಬರೋದು ಸುಮಾರು 1.57 ಆಗಿ. ಮುಂದಿನ ಬ್ಯಾಚ್‌ನಲ್ಲಿ ಎಂಟೂ 15 ಟೋಕನ್ನಿನವೇ ಬಂದರೆ ಅದೇ 2 ಸೊನ್ನೆ ಆಗುತ್ತೆ. ಪದ ಅದೇ, ವಾಕ್ಯ ಅದೇ, ಬದಲಾಗಿದ್ದು ಜೊತೆಗೆ ಬಂದವರು. ಬಸ್ಸಿನಲ್ಲಿ ಕೂತವರದೆಲ್ಲ ಅಳತೆ ಸೇರಿಸಿ ನನ್ನ ರವಿಕೆ ಹೊಲಿದ ಹಾಗೆ.

ಈಗ ಮಾಸ್ಕ್ ಹಾಕಿ. ಸೊನ್ನೆಗಳು ಹೋದವು. ಆದರೆ ಉಳಿದ 225ರಲ್ಲಿ 120 ಆ ಒಬ್ಬ ರೈತರದೇ! ಸರಾಸರಿ ಅರ್ಧಕ್ಕಿಂತ ಜಾಸ್ತಿ ಒಂದೇ ಪತ್ರದ ಸರಾಸರಿ. ಬ್ಯಾಚ್‌ನಿಂದ ಬ್ಯಾಚ್‌ಗೆ ಅದು ಕುಣಿಯುತ್ತಲೇ ಇರುತ್ತೆ. ಟೆಸ್ಟ್‌ನಲ್ಲಿ ಬಳಸೋದು ಆ ಕುಣಿತಗಳ ಓಡುವ ಸರಾಸರಿ, ಅದು ಟ್ರೈನಿಂಗ್‌ನಲ್ಲಿ ಕಂಡ ಯಾವ ಬ್ಯಾಚ್‌ಗೂ ಸರಿಯಾಗಿ ಹೊಂದಲ್ಲ. ಬಾಡಿಗೆ ಜಿಪಿಯು ಅವರಿಗೆ `eval` ನಲ್ಲಿ ಆಗಿದ್ದು ಇದೇ ಇರಬೇಕು. ಚಿತ್ರಗಳಲ್ಲಿ ಹೀಗಾಗಲ್ಲ. ಒಂದೊಂದು ಚಿತ್ರದಲ್ಲೂ ಸಾವಿರಾರು ಪಿಕ್ಸೆಲ್ ಇರುತ್ತೆ, ಗಾತ್ರವೂ ಒಂದೇ, ಹಾಗಾಗಿ ಎಂಟೇ ಚಿತ್ರ ಇದ್ದರೂ ಸರಾಸರಿ ಅಷ್ಟಾಗಿ ಅಲುಗಾಡಲ್ಲ.

ಲೇಯರ್ ನಾರ್ಮ್ ಒಂದು ಟೋಕನ್ನಿನ ಫೀಚರ್ ಸಂಖ್ಯೆಗಳನ್ನು, 512 ಇದ್ದರೆ ಆ 512 ಅನ್ನು ಮಾತ್ರ ನೋಡುತ್ತೆ. ಪಕ್ಕದ ವಾಕ್ಯದ ಗೊಡವೆ ಇಲ್ಲ, ಟ್ರೈನಿಂಗ್‌ಗೂ ಟೆಸ್ಟ್‌ಗೂ ಲೆಕ್ಕ ಒಂದೇ. ಪರೀಕ್ಷೆ ಸುಲಭ. ಡ್ರಾಪ್‌ಔಟ್ ಸೊನ್ನೆ ಮಾಡಿ, `train` ಮೋಡ್‌ನಲ್ಲೇ ಒಂದು ವಾಕ್ಯವನ್ನು ಎರಡು ಬೇರೆ ಬೇರೆ ಬ್ಯಾಚ್‌ನಲ್ಲಿ ಕಳಿಸಿ, ಪ್ಯಾಡಿಂಗ್ ಮಾಸ್ಕ್ ಸರಿಯಾಗಿರಲಿ. ಉತ್ತರ ಬೇರೆ ಬಂತು ಅಂದರೆ ಪಕ್ಕದ ವಾಕ್ಯಗಳ ಅಂಕಿ ಇದರೊಳಗೆ ಸೋರುತ್ತಿದೆ.

ಬಾಡಿಗೆ ಜಿಪಿಯು: ಮೇಡಂ, ಇದನ್ನು ವೈವಾಗೆ ಮುಂಚೆ ಹೇಳಬಾರದಿತ್ತಾ!

ಜಯಲಕ್ಷ್ಮಿಪುರಂ: ನನಗೂ ಇದೇ ಡೌಟು. ನಾನು `StandardScaler` ಹಾಕಿ ಡೇಟಾ ಮೊದಲೇ ನಾರ್ಮಲೈಸ್ ಮಾಡಿದ್ದೀನಿ. ಆಮೇಲೂ ಇವೆಲ್ಲ ಬೇಕಾ? ನನ್ನದು ಹಾಲಿನ ಡೈರಿಯ ಎಕ್ಸೆಲ್, ಫ್ಯಾಟು ಮತ್ತು ಎಸ್‌ಎನ್‌ಎಫ್ ಕಾಲಂ ಮಾತ್ರ.

ಹಳೇ ಸಿ ಪ್ರೋಗ್ರಾಮರ್: ಅಮ್ಮಾ, ಎರಡು ಕಾಲಮ್ಮಿಗೆ ಟ್ರಾನ್ಸ್‌ಫಾರ್ಮರ್ ಯಾಕೆ? ಇರಲಿ, ಮೇಡಂ, ಲೆಕ್ಕ ಒಪ್ಪಿದೆ. ಆದರೆ ಹೆಚ್ಚು ಕಡಿಮೆ ಒಂದೇ ಉದ್ದದ ವಾಕ್ಯಗಳನ್ನು ಒಟ್ಟಿಗೆ ಹಾಕಿದರೆ?

ಸರಸ್ವತಿಪುರಂ: ಪ್ಯಾಡಿಂಗ್ ಕಡಿಮೆ ಆಗುತ್ತೆ. ಆದರೆ ಆಗ ಒಂದು ಬ್ಯಾಚ್ ಪೂರ್ತಿ ಚುಟುಕು ಪ್ರಶ್ನೆ, ಇನ್ನೊಂದು ಪೂರ್ತಿ ಉದ್ದ ಪತ್ರ. ಸರಾಸರಿಗಳು ಇನ್ನೂ ದೂರ ಹೋಗಬಹುದು. ಇನ್ನು ಪಠ್ಯ ಹೆಣೆಯೋ ಮಾಡೆಲ್ ಆದರೆ ಬೇರೆ ತೊಂದರೆಯೂ ಇದೆ. ಬ್ಯಾಚ್ ನಾರ್ಮ್‌ನ ಸರಾಸರಿಯಲ್ಲಿ ಮುಂದೆ ಬರಬೇಕಾದ ಪದಗಳೂ ಸೇರಿರುತ್ತವೆ, ಅಟೆನ್ಷನ್‌ಗೆ ಮಾಸ್ಕ್ ಹಾಕಿದರೂ ಹಿಂಬಾಗಿಲಿಂದ ಸುಳಿವು ಸಿಗುತ್ತೆ. ಕೇಳಿದವರದು ವಿಂಗಡಣೆ, ಅವರಿಗೆ ಆ ಚಿಂತೆ ಬೇಡ.

ಆಲೆಮನೆ ಅಣ್ಣ, ಮಂಡ್ಯ: ಹಾಗಾದರೆ ಬ್ಯಾಚ್ ನಾರ್ಮ್ ಭಾಷೆಗೆ ಆಗೋದೇ ಇಲ್ಲ ಅಂತ ತೀರ್ಪಾ? 2020ರಲ್ಲಿ ಪವರ್‌ನಾರ್ಮ್ ಅಂತ ಬಂತಲ್ಲ. ಅವರು ಸರಾಸರಿ ಕಳೆಯೋದು ಬಿಟ್ಟು, ಓಡುವ ಅಂಕಿಗಳನ್ನು ಟ್ರೈನಿಂಗ್‌ನಲ್ಲೇ ಬಳಸಿ, ಬ್ಯಾಚ್ ಕಡೆಯಿಂದಲೇ ಲೇಯರ್ ನಾರ್ಮನ್ನು ಹಿಂದೆ ಹಾಕಿ ತೋರಿಸಿದರು.

ಸರಸ್ವತಿಪುರಂ: ತೋರಿಸಿದರು, ಒಪ್ಪಿದೆ. ಬ್ಯಾಚ್ ಅಂಕಿಗಳು ಭಾಷೆಯಲ್ಲಿ ಜಾಸ್ತಿ ಕುಣಿಯುತ್ತವೆ ಅಂತ ಅಳೆದು ಹೇಳಿದ್ದೂ ಅವರೇ. ಅದನ್ನೂ ಹೇಳಿ ಅಣ್ಣ.

ಕೆಆರ್‌ಎಸ್ ರೋಡ್: ಇಷ್ಟೆಲ್ಲ ಹೊಗಳ್ತೀರಲ್ಲ, ನಾನು ಲೇಯರ್ ನಾರ್ಮ್ ಹಾಕಿಯೂ ಲಾಸ್ `nan` ಆಯ್ತು. ಹೊಸ ಕಾರ್ಡ್, ಹೊಸ ಎಸ್‌ಎಂಪಿಎಸ್, ಯುಪಿಎಸ್ ಎಲ್ಲ ತಂದೆ. ಮನೆಯವರು ಕರೆಂಟ್ ಬಿಲ್ಲನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ. ಕೊನೆಗೆ ನೋಡಿದರೆ ಲೇಯರ್ ನಾರ್ಮ್ ಎಲ್ಲಿ ಕೂತಿದೆ ಅನ್ನೋದೇ ಪ್ರಶ್ನೆ. 2017ರ ಮೂಲ ವಿನ್ಯಾಸದಲ್ಲಿ ರೆಸಿಡ್ಯುಯಲ್ ಕೂಡಿಸಿದ ಮೇಲೆ ಇತ್ತು, ಪೈಟಾರ್ಚ್‌ನಲ್ಲಿ ಈಗಲೂ ಹೇಳದಿದ್ದರೆ ಅದೇ ಸಿಗೋದು. ಅದಕ್ಕೆ ಲರ್ನಿಂಗ್ ರೇಟ್ ನಿಧಾನಕ್ಕೆ ಏರಿಸಬೇಕು. ನಾನು ನಾರ್ಮ್ ಮೊದಲೇ ಬರೋ ಹಾಗೆ ಬದಲಿಸಿದೆ:

```
nn.TransformerEncoderLayer(512, 8, batch_first=True, norm_first=True)
```

ಆಮೇಲೆ `nan` ಬರಲಿಲ್ಲ. ಕಾರ್ಡ್‌ನ ತಪ್ಪೇ ಇರಲಿಲ್ಲ.

ಬಾಡಿಗೆ ಜಿಪಿಯು: ಕಾರ್ಡ್ ಕೊಂಡ ದುಡ್ಡಲ್ಲಿ ಎಷ್ಟು ತಿಂಗಳು ಬಾಡಿಗೆ ಕಟ್ಟಬಹುದಿತ್ತು ಸರ್, ಲೆಕ್ಕ ಹಾಕಿದ್ರಾ?

ಕೆಆರ್‌ಎಸ್ ರೋಡ್: ಬಾಡಿಗೆಗೆ ಕಟ್ಟಿದ ದುಡ್ಡು ವಾಪಸ್ ಬರಲ್ಲ, ಕಾರ್ಡ್ ಮಾರಿದರೆ ಅರ್ಧನಾದ್ರೂ ಬರುತ್ತೆ. ಸುಮ್ನೆ ಕೆಣಕಬೇಡಿ.

ಆಲೆಮನೆ ಅಣ್ಣ, ಮಂಡ್ಯ: ಇಬ್ಬರೂ ಪೈ ಕೊಳ್ಳಿ.

ಕುವೆಂಪುನಗರ: ಎಲ್ಲರಿಗೂ ಥ್ಯಾಂಕ್ಸ್. ಆ ಎರಡು ಬ್ಯಾಚ್ ಪರೀಕ್ಷೆ ಮಾಡಿದೆ. ಬ್ಯಾಚ್ ನಾರ್ಮ್‌ನಲ್ಲಿ ಅದೇ ಪ್ರಶ್ನೆ ಒಂದು ಸಲ ‘ನೀರಾವರಿ’, ಇನ್ನೊಂದು ಸಲ ‘ರೋಗ’ ಅಂತ ಬಂತು. ಲೇಯರ್ ನಾರ್ಮ್ ಹಾಕಿದ ಮೇಲೆ ಎರಡೂ ಸಲ ‘ರೋಗ’ ಅಂತಲೇ ಬರ್ತಿದೆ. ಆದರೆ ಅದು ನೀರಾವರಿ ಪ್ರಶ್ನೆ!

ಸರಸ್ವತಿಪುರಂ: ಅದು ನಾರ್ಮ್‌ನ ತಪ್ಪಲ್ಲ. ಲೇಬಲ್ ಹಾಕಿದ್ದು ಯಾರು?