ಒಂದೇ ಮಣ್ಣು, ಸಿಬಿಆರ್ ಒಮ್ಮೆ 9, ಒಮ್ಮೆ 4.4. ರಸ್ತೆ ದಪ್ಪ ಯಾವುದರ ಮೇಲೆ ಹಾಕಿಸಲಿ?

ತೋಟದ_ದಾರಿ
ನಾಪೋಕ್ಲು ಹತ್ತಿರ ನಾವು ಐದಾರು ಮನೆಯವರು ಸೇರಿ ತೋಟಕ್ಕೆ ಹೋಗುವ ದಾರಿಗೆ ಜಲ್ಲಿ, ಡಾಂಬರು ಹಾಕಿಸುತ್ತಿದ್ದೇವೆ. ಅರ್ಧ ದಾರಿ ಗುಡ್ಡದ ಬದಿಯ ಕೆಂಪು ಮಣ್ಣು, ಉಳಿದದ್ದು ಗದ್ದೆ ಅಂಚಿನಲ್ಲಿ ಹೋಗುತ್ತೆ. ಕಾಫಿ ಕೊಯ್ಲಿನಲ್ಲಿ ಲೋಡ್ ಲಾರಿ ಬರುತ್ತೆ, ಬಾಕಿ ಸಮಯ ಜೀಪು, ಪಿಕಪ್ ಅಷ್ಟೆ.

ಗುಡ್ಡದ ಮಣ್ಣನ್ನು ಲ್ಯಾಬಿಗೆ ಕೊಟ್ಟಿದ್ದೆವು. ಮಣ್ಣು ಎಷ್ಟು ಭಾರ ತಡೆಯುತ್ತೆ ಅಂತ ಹೇಳೋ ಸಿಬಿಆರ್ ಅಂಕಿ, ನೆನೆಸದೆ ಮಾಡಿದ ಟೆಸ್ಟಿನಲ್ಲಿ 9, ನೀರಲ್ಲಿ ನೆನೆಸಿದ್ದರಲ್ಲಿ 4.4. ಕಂಟ್ರಾಕ್ಟರು 9 ಹಿಡಿದು ಒಟ್ಟು 24 ಸೆಂಟಿಮೀಟರ್ ಸಾಕು ಅನ್ನುತ್ತಿದ್ದಾರೆ. 4.4 ಹಿಡಿದರೆ 38 ಬೇಕಂತೆ. ಅಷ್ಟು ಜಲ್ಲಿಯ ದುಡ್ಡು ಎಲ್ಲಿಂದ ತರೋದು? ಯಾವುದು ಸರಿ?

ರೋಲರ್_ಸವಾರ
9 ಹಿಡೀರಿ. ನಿಮ್ಮದು ಗುಡ್ಡದ ದಾರಿ, ನೀರು ನಿಲ್ಲೋದೇ ಇಲ್ಲ. ನಾಲ್ಕು ದಿನ ನೀರಲ್ಲಿ ಮುಳುಗಿಸೋ ಟೆಸ್ಟು ಬಯಲು ಸೀಮೆ ಕೆರೆ ಏರಿ ರಸ್ತೆಗೆ. ಒಂದು ಒಳ್ಳೆ ಚರಂಡಿ ಕಡಿಸಿ, ಸಾಕು.

ಸಿಮೆಂಟ್_ಅಂಗಳ
ನಮ್ಮ ಮನೆ ಮುಂದೆ ನಾಲ್ಕಿಂಚು ಕಾಂಕ್ರೀಟ್ ಹಾಕಿಸಿದ್ದೆವು, ಎರಡನೇ ಮಳೆಗೇ ಬಿರುಕು. ಅದಕ್ಕೂ ಈ ಸಿಬಿಆರ್ ಟೆಸ್ಟ್ ಮಾಡಿಸಬೇಕಿತ್ತಾ?

ಪ್ರೂವಿಂಗ್_ರಿಂಗ್
ಅಂಗಳದವರೇ, ಕಾಂಕ್ರೀಟಿನ ಲೆಕ್ಕ ಬೇರೆ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರುತ್ತೇನೆ.

ರೋಲರ್ ಅಣ್ಣ, ಚರಂಡಿ ಮಾತು ಒಪ್ಪಿದೆ. ಆದರೆ ಗುಡ್ಡ ಕಡಿದ ದಾರಿಗೆ ನೀರು ಮೇಲಿಂದ ಮಾತ್ರ ಬರಲ್ಲ, ಕಡಿದ ಬದಿಯ ಒಳಗಿಂದಲೂ ಒಸರುತ್ತೆ. ಆಗಸ್ಟಿನಲ್ಲಿ ಆ ಬದಿ ನೋಡಿದರೆ ಗೊತ್ತಾಗುತ್ತೆ. ವರ್ಷಕ್ಕೆ 1000 ಮಿಮೀಗಿಂತ ಜಾಸ್ತಿ ಮಳೆ ಬೀಳುವ ಕಡೆ ನಾಲ್ಕು ದಿನ ನೆನೆಸಿದ ಸಿಬಿಆರ್ ಹಿಡಿಯೋದೇ ಪದ್ಧತಿ. ಕೊಡಗಿನ ಮಳೆ ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ 9 ಬಿಟ್ಟುಬಿಡಿ.

ಆದರೆ 4.4 ಅನ್ನೋದನ್ನೂ ಕಣ್ಣುಮುಚ್ಚಿ ನಂಬಬೇಡಿ. ನೆನೆಸಿದರೆ ಅರ್ಧಕ್ಕಿಂತ ಕೆಳಗೆ ಇಳಿಯೋದು ಅಪರೂಪ ಅಲ್ಲ, ಆದರೂ ಎರಡು ಮೋಲ್ಡಲ್ಲೂ ಮಣ್ಣು ಒಂದೇ ಬಿಗಿಯಲ್ಲಿ ಇತ್ತಾ ಅಂತ ನೋಡಬೇಕು. ರಿಪೋರ್ಟಿನ ಹಿಂದಿನ ಪುಟದಲ್ಲಿ ಲೋಡ್ ರೀಡಿಂಗ್, ಮೋಲ್ಡಿಗೆ ತುಂಬಿದ ಒದ್ದೆ ಮಣ್ಣಿನ ತೂಕ ಇರುತ್ತೆ. ಹಾಕಿ.

ತೋಟದ_ದಾರಿ
ಸರ್, ನೆನೆಸಿದ ಮೋಲ್ಡಿನದು:

```
ಇಳಿತ (mm)   ಲೋಡ್ (kg)
0.5          6
1.0          16
1.5          30
2.0          46
2.5          60
3.0          71
4.0          87
5.0          100
7.5          125
```

ಗರಿಷ್ಠ ಒಣ ಸಾಂದ್ರತೆ 1.62, ಅದಕ್ಕೆ ಬೇಕಾದ ತೇವ 22%. ನೆನೆಸದ ಮೋಲ್ಡಿನ ಒದ್ದೆ ಮಣ್ಣು 4.45 ಕೆಜಿ. ನೆನೆಸಿದ್ದರದ್ದು 4.25 ಕೆಜಿ, ಅದು ನೆನೆಸುವ ಮುಂಚಿನ ತೂಕ. ಉಬ್ಬರ ಅಂತ ಒಂದು ಕಾಲಂ ಇದೆ, ಖಾಲಿ ಬಿಟ್ಟಿದ್ದಾರೆ.

ಪ್ರೂವಿಂಗ್_ರಿಂಗ್
ಸಿಕ್ಕಿತು ನೋಡಿ. ಮೊದಲು ಗ್ರಾಫ್.

2.5 ಮಿಮೀಗೆ 60 ಕೆಜಿ. ಗಟ್ಟಿ ಜಲ್ಲಿಯಲ್ಲಿ ಅಷ್ಟೇ ಇಳಿಯೋಕೆ ಬೇಕಾದ ಸ್ಟಾಂಡರ್ಡ್ ಲೋಡ್ 1370. ಭಾಗಿಸಿದರೆ 4.4%, ರಿಪೋರ್ಟಿನದ್ದು ಅದೇ. ಈಗ 5 ಮಿಮೀ ನೋಡಿ: 100ನ್ನು ಅಲ್ಲಿನ ಸ್ಟಾಂಡರ್ಡ್ ಲೋಡ್ 2055ರಿಂದ ಭಾಗಿಸಿದರೆ 4.9%. ಸಾಮಾನ್ಯವಾಗಿ 2.5ರದ್ದೇ ಜಾಸ್ತಿ ಇರಬೇಕು. 5ರದ್ದು ಜಾಸ್ತಿ ಬಂದರೆ ಮೊದಲು ಗ್ರಾಫಿನ ಬುಡ ನೋಡಬೇಕು. ನಿಮ್ಮದು ಶುರುವಿನಲ್ಲಿ ಜೋತುಬಿದ್ದಿದೆ. ಮೊದಲ ಅರ್ಧ ಮಿಲಿಮೀಟರಿಗೆ ಬರೀ 6 ಕೆಜಿ, ಆಮೇಲೆ ಏರಿಕೆ. ಅಂದರೆ ಮಣ್ಣಿಗೆ ಒತ್ತುವ ಪ್ಲಂಜರ್ ಸರಿಯಾಗಿ ಕೂತಿರಲಿಲ್ಲ, ಇಲ್ಲವೇ ಮೋಲ್ಡಿನ ಮೇಲ್ಪದರ ಸಡಿಲವಾಗಿತ್ತು.

ಇದಕ್ಕೆ ಸೊನ್ನೆ ತಿದ್ದಬೇಕು. ಅತಿ ಕಡಿದಾದ ಏರಿಕೆ 1.5ರಿಂದ 2.0ರ ನಡುವೆ, ಅರ್ಧ ಮಿಮೀಗೆ 16 ಕೆಜಿ. ಅಲ್ಲಿ ಸ್ಕೇಲ್ ಇಟ್ಟು ಕೆಳಕ್ಕೆ ಗೆರೆ ಎಳೆದರೆ ಸುಮಾರು 0.56 ಮಿಮೀಯಲ್ಲಿ ತಳಕ್ಕೆ ತಾಗುತ್ತೆ. ಅದೇ ಹೊಸ ಸೊನ್ನೆ. ಹಾಗಾದರೆ 2.5 ಅಂದರೆ ಅಸಲಿಗೆ 3.06ರ ರೀಡಿಂಗ್, ಸುಮಾರು 72 ಕೆಜಿ. ಸಿಬಿಆರ್ 5.3. 5 ಮಿಮೀಯದನ್ನೂ ಹೀಗೇ ತಿದ್ದಿದರೆ 5.1 ಬರುತ್ತೆ. ಈಗ 2.5ರದ್ದೇ ಮೇಲಾಯಿತು, ಅದನ್ನೇ ಹಿಡಿಯೋದು.

ಇನ್ನು ತೂಕ. ಮೋಲ್ಡಿನ ಗಾತ್ರ 2250 ಸಿಸಿ. 4.25 ಕೆಜಿಯನ್ನು ಅದರಿಂದ ಭಾಗಿಸಿ, 22% ತೇವ ಕಳೆಯಲು ಮತ್ತೆ 1.22ರಿಂದ ಭಾಗಿಸಿದರೆ ಒಣ ಸಾಂದ್ರತೆ 1.55. 1.62ಕ್ಕೆ ಹೋಲಿಸಿದರೆ ಸುಮಾರು 95.5%. ನೆನೆಸದ ಮೋಲ್ಡು ಪೂರ್ತಿ 100%. ಒಂದನ್ನು ಬಿಗಿಯಾಗಿ, ಇನ್ನೊಂದನ್ನು ಸಡಿಲವಾಗಿ ತುಂಬಿ ಎರಡನ್ನೂ ಪಕ್ಕಪಕ್ಕ ಬರೆದಿದ್ದಾರೆ. ಇದರಲ್ಲಿ ನೀರಿನ ಪಾಲೆಷ್ಟು, ಬಿಗಿಯ ಪಾಲೆಷ್ಟು ಅಂತ ಹೇಗೆ ಹೇಳೋದು?

ರೋಲರ್_ಸವಾರ
ನೋಡಿದ್ರಾ! ಅಂದ್ರೆ ನೆನೆಸಿದ್ದು ಸರಿ ಇಲ್ಲ. ನಾನು ಹೇಳಿದ್ದೇ ಆಯ್ತು.

ಪ್ರೂವಿಂಗ್_ರಿಂಗ್
ಹಾಗಲ್ಲ ಅಣ್ಣ. ನೆನೆಸಿದ ಟೆಸ್ಟೇ ಬೇಕು, ಸರಿಯಾಗಿ ಮಾಡಿದ್ದು ಬೇಕು. ಸೈಟಿನಲ್ಲಿ ರೋಲರ್ 95%ಗೇ ನಿಲ್ಲಿಸಿದರೆ ಈ 5.3 ನಿಜವಾದ ಅಂಕಿಯೇ. ಹಳ್ಳಿ ರಸ್ತೆಯ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 72 ಪ್ರಕಾರ ಮೇಲಿನ 30 ಸೆಂಟಿಮೀಟರ್ ಮಣ್ಣನ್ನು 100%ಗೆ ಕುಟ್ಟಬೇಕು. ಅಷ್ಟು ಕುಟ್ಟುತ್ತೀರಿ ಅಂದರೆ ಅದೇ ಬಿಗಿಯಲ್ಲಿ ಮೂರು ಮೋಲ್ಡ್ ನೆನೆಸಿ ಸರಾಸರಿ ತೆಗೆಸಿ.

ದಾರಿ, ಲ್ಯಾಬಿನವರನ್ನು ಇನ್ನೊಂದು ಕೇಳಿ: 96 ಗಂಟೆ ನೆನೆಯುವಾಗ ಮೋಲ್ಡಿನ ಮೇಲೆ 5 ಕೆಜಿ ತೂಕ ಇಟ್ಟಿದ್ದರಾ? ಮೇಲೆ ಕೂರುವ ಜಲ್ಲಿಯ ಭಾರದ ಬದಲಿಗೆ ಇಡೋದು ಅದು. ಇಡದಿದ್ದರೆ ಮಣ್ಣು ಉಬ್ಬಿ ಮೇಲ್ಪದರ ಅಂಬಲಿ ಆಗುತ್ತೆ. ಜೋತುಬಿದ್ದ ಗ್ರಾಫು, ಖಾಲಿ ಉಬ್ಬರದ ಕಾಲಂ ನೋಡಿದರೆ ನನಗೆ ಅದೇ ಅನುಮಾನ.

ತೋಟದ_ದಾರಿ
ಕೇಳುತ್ತೇನೆ. ಸದ್ಯಕ್ಕೆ 5.3 ಅಂತ ಇಟ್ಟುಕೊಂಡರೆ ದಪ್ಪ ಎಷ್ಟು?

ಪ್ರೂವಿಂಗ್_ರಿಂಗ್
ನಿಮ್ಮ ಕಂಟ್ರಾಕ್ಟರು 24, 38 ಅಂತ ಹೇಳಿರೋದು ಈ ಹಳೇ ಸೂತ್ರದಿಂದ ಅಂತ ಕಾಣುತ್ತೆ:

```
t = √P × √(1.75/CBR − 1/(πp))
```

`t` ಸೆಂಟಿಮೀಟರಿನಲ್ಲಿ. `P` ಒಂದು ಬದಿಯ ಚಕ್ರದ ಭಾರ 4100 ಕೆಜಿ, `p` ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ 6 ಕೆಜಿ ಅಂತ ಹಿಡಿದರೆ 9ಕ್ಕೆ 24, 4.4ಕ್ಕೆ 38, 5.3ಕ್ಕೆ 34 ಬರುತ್ತೆ. ಬರೀ ಸೊನ್ನೆ ತಿದ್ದಿದ್ದಕ್ಕೇ ನಾಲ್ಕು ಸೆಂಟಿಮೀಟರ್ ಜಲ್ಲಿ ಉಳಿಯಿತು. ಸಿಬಿಆರ್ ಕೆಳಗಿದ್ದಷ್ಟೂ ಇದು ಜೋರು: 9ರಿಂದ 8ಕ್ಕೆ ಇಳಿದರೆ ಎರಡು ಸೆಂಟಿಮೀಟರ್ ಏರುತ್ತೆ, 3ರಿಂದ 2ಕ್ಕೆ ಇಳಿದರೆ ಹನ್ನೊಂದಕ್ಕೂ ಜಾಸ್ತಿ.

ಆದರೆ ಈ ಸೂತ್ರಕ್ಕೆ ದಿನಕ್ಕೆ ಎಷ್ಟು ಲಾರಿ ಅನ್ನೋದೇ ಗೊತ್ತಿಲ್ಲ. ನಿಮ್ಮಲ್ಲಿ ಲಾರಿ ಕೊಯ್ಲಿನಲ್ಲಿ ಮಾತ್ರ, ಅಲ್ವಾ? ಎಸ್‌ಪಿ 72ರ ಪಟ್ಟಿಯಲ್ಲಿ ನೋಡಿಸಿ, ಅದು ಲಾರಿಯ ಲೆಕ್ಕ ಸೇರಿಸಿಯೇ ದಪ್ಪ ಕೊಡುತ್ತೆ. ಅಲ್ಲಿ ಸಿಬಿಆರ್ 3-4 ಒಂದು ಗುಂಪು, 5-6 ಇನ್ನೊಂದು, 7-9 ಮತ್ತೊಂದು. 4.4 ಎರಡು ಗುಂಪಿನ ನಡುವೆ ಸಿಕ್ಕಿಕೊಳ್ಳುತ್ತಿತ್ತು, 5.3 ಸಲೀಸಾಗಿ 5-6ರಲ್ಲಿ ಕೂರುತ್ತೆ.

ಗದ್ದೆ_ಬದಿ
ಎಲ್ಲ ಗುಡ್ಡದ ಮಣ್ಣಿನ ಮಾತೇ ಆಯಿತು. ಗದ್ದೆ ಅಂಚಿನ ಸ್ಯಾಂಪಲ್ ಎಲ್ಲಿ? ಪೊನ್ನಂಪೇಟೆ ಕಡೆ ನಮ್ಮ ದಾರಿಯಲ್ಲಿ ಗದ್ದೆ ಮಣ್ಣು 2 ಕೂಡ ಮುಟ್ಟಲಿಲ್ಲ. ಅರ್ಧ ದಾರಿಗೆ ಬೇರೆ ಮಣ್ಣು ತಂದು ಹಾಕಬೇಕಾಯಿತು.

ತೋಟದ_ದಾರಿ
ಅಲ್ಲಿಂದ ತೆಗೆದೇ ಇಲ್ಲ ಅಕ್ಕ. ಒಂದು ಚೀಲ ಮಾತ್ರ ಕೊಟ್ಟಿದ್ದು.

ಪ್ರೂವಿಂಗ್_ರಿಂಗ್
ಹಾಗಾದರೆ ಅಲ್ಲಿಂದ ಬೇರೆ ಚೀಲ ತುಂಬಿಸಿ. ಮೇಲಿನ ಬೇರು, ಕಪ್ಪು ಮಣ್ಣು ಕೆರೆದು ರಸ್ತೆಯ ಮಟ್ಟದಿಂದ ತೆಗೀರಿ. 2ಕ್ಕಿಂತ ಕಡಿಮೆ ಬಂದರೆ ಜಲ್ಲಿ ಸುರಿಯೋದಕ್ಕಿಂತ ಮುಂಚೆ ಕನಿಷ್ಠ 10 ಸಿಬಿಆರ್ ಇರುವ ಮಣ್ಣಿನ ಒಂದು ಪದರ ಹಾಸಬೇಕು, ಕಡೇಪಕ್ಷ 10 ಸೆಂಟಿಮೀಟರ್. ಗುಡ್ಡದಿಂದ ಕಡಿದ ಮಣ್ಣನ್ನೇ ಅಲ್ಲಿಗೆ ತುಂಬುತ್ತೇನೆ ಅಂತ ಕಂಟ್ರಾಕ್ಟರು ಹೇಳಬಹುದು. ನೆನೆದಾಗ 5.3 ಇರುವ ಮಣ್ಣು ಈ ಪದರಕ್ಕೆ ಆಗಲ್ಲ.

ರೋಲರ್_ಸವಾರ
ಗದ್ದೆಗೆ ದಪ್ಪ ಹಾಕಿ, ಬೇಡ ಅನ್ನಲ್ಲ. ಗುಡ್ಡದ ಕಡೆಗೆ 34 ಸುಮ್ನೆ ದಂಡ ಅಂತಲೇ ನನ್ನ ಲೆಕ್ಕ.

ತೋಟದ_ದಾರಿ
ಲ್ಯಾಬಿಗೆ ಫೋನ್ ಮಾಡಿದೆ. ತೂಕ ಇಟ್ಟಿದ್ದರೋ ಇಲ್ಲವೋ ಅಲ್ಲಿ ಯಾರಿಗೂ ನೆನಪಿಲ್ಲ. ಎರಡೂ ಮಣ್ಣಿಗೆ ಮೂರು ಮೂರು ಮೋಲ್ಡ್, 100% ಬಿಗಿಯಲ್ಲಿ ಮತ್ತೆ ನೆನೆಸುತ್ತಾರಂತೆ. ರೀಡಿಂಗ್ ಬಂದಮೇಲೆ ಇಲ್ಲೇ ಹಾಕುತ್ತೇನೆ.