ಅರ್ಧ ಸುತ್ತಿನಲ್ಲಿ 300 ಮಿ.ಮೀ. ಸಾಗಲು ಪಿನಿಯನ್ನಿನ ಪಿಚ್ ವ್ಯಾಸ ಎಷ್ಟಿರಬೇಕು?

ಪ್ಯಾಕಿಂಗ್ ಲೈನ್ ಫಿಟ್ಟರ್: ಪೆಟ್ಟಿಗೆ ತಳ್ಳುವ ಯಂತ್ರಕ್ಕೆ 300 ಮಿ.ಮೀ. ಸ್ಟ್ರೋಕ್ ಬೇಕು. 300 ಅನ್ನು 3.1416ರಿಂದ ಭಾಗಿಸಿದಾಗ 95.5 ಬಂತು, ಅದಕ್ಕೆ 2 ಮಾಡ್ಯೂಲಿನ 48 ಹಲ್ಲಿನ ಪಿನಿಯನ್ ಮಾಡಿಸಿ, 180 ಡಿಗ್ರಿ ತಿರುಗುವ ಗಾಳಿಯ ರೋಟರಿ ಆಕ್ಚುಯೇಟರಿಗೆ ಜೋಡಿಸಿದೆ. ರ‍್ಯಾಕ್ 150 ಮಿ.ಮೀ. ಮಾತ್ರ ಹೋಗುತ್ತಿದೆ. ತಪ್ಪು ಎಲ್ಲಾಗಿದೆ? ವ್ಯಾಸ ಎಷ್ಟಿರಬೇಕು?

ಮರದ ರೌಟರ್: ನೀವು ಹೊರವ್ಯಾಸವನ್ನು ಅಳೆದಿರಬೇಕು. ನನ್ನ ರೌಟರಿನಲ್ಲಿ 1 ಮಾಡ್ಯೂಲಿನ 20 ಹಲ್ಲಿನ ಪಿನಿಯನ್ ಇದೆ. ಕ್ಯಾಲಿಪರ್ 22 ಮಿ.ಮೀ. ತೋರಿಸಿದ್ದರಿಂದ ಸುತ್ತಿಗೆ 69.115 ಮಿ.ಮೀ. ಎಂದು ಹಾಕಿದ್ದೆ, ಒಂದು ಮೀಟರ್ ಹೋಗು ಎಂದರೆ ಯಂತ್ರ 909 ಮಿ.ಮೀ.ಗೆ ನಿಂತುಬಿಡುತ್ತಿತ್ತು. ಪಿಚ್ ವ್ಯಾಸವೆಂದರೆ ಮಾಡ್ಯೂಲನ್ನು ಹಲ್ಲಿನ ಸಂಖ್ಯೆಯಿಂದ ಗುಣಿಸಿದ್ದು, ಇಲ್ಲಿ ಅದು 20 ಎಂದು ತಿಳಿದ ಮೇಲೆ, ಸುತ್ತಿಗೆ 3200 ಸ್ಟೆಪ್ ಇರುವ ನನ್ನ ಮೋಟಾರಿಗೆ, ಮಿಲಿಮೀಟರಿಗೆ ಎಷ್ಟು ಸ್ಟೆಪ್ ಎಂಬ ಸೆಟ್ಟಿಂಗನ್ನು ಹೀಗೆ ಬದಲಿಸಿದೆ, ಅಳತೆ ಸರಿಹೋಯಿತು:

```
$100=50.930
```

ಗೇರ್ ಕಟಿಂಗ್ ಹಳಬ: ರೌಟರಿನವರು ಹೇಳಿದ ತಪ್ಪು ಬಹಳ ಕಡೆ ಆಗುತ್ತದೆ, ಆದರೆ ಇಲ್ಲಿ ಆಗಿರುವುದು ಅದಲ್ಲ. 48 ಹಲ್ಲಿನ ಪಿನಿಯನ್ನಿನಲ್ಲಿ ಹೊರವ್ಯಾಸ 100, ಪಿಚ್ ವ್ಯಾಸ 96. ಈ ಅಂತರದಿಂದ ಸ್ಟ್ರೋಕ್ ನೂರಕ್ಕೆ ನಾಲ್ಕರಷ್ಟು ತಪ್ಪಬಹುದೇ ಹೊರತು ಅರ್ಧಕ್ಕೆ ಇಳಿಯುವುದಿಲ್ಲ. ಫಿಟ್ಟರ್ ಅವರ ಭಾಗಾಕಾರದಲ್ಲಿ ದೋಷವಿಲ್ಲ, ಆದರೆ ಅದು ಪಿನಿಯನ್ ಪೂರ್ತಿ ಒಂದು ಸುತ್ತು ತಿರುಗುವಾಗಿನ ಲೆಕ್ಕ. ಆಕ್ಚುಯೇಟರ್ ಅರ್ಧ ಸುತ್ತು ಮಾತ್ರ ತಿರುಗುವುದರಿಂದ, ಆ ಅರ್ಧದಲ್ಲೇ 300 ಮುಗಿಯಬೇಕಾದರೆ ಪೂರ್ಣ ಸುತ್ತಿಗೆ 600 ಮಿ.ಮೀ. ಬರಬೇಕು, ಅಂದರೆ ಪಿಚ್ ವ್ಯಾಸ 190.99 ಮಿ.ಮೀ. ಇರಬೇಕು. ಇದನ್ನು 2 ಮಾಡ್ಯೂಲಿನಿಂದ ಭಾಗಿಸಿದರೆ 95.5 ಹಲ್ಲು ಬರುತ್ತದೆ. ಅರ್ಧ ಹಲ್ಲನ್ನು ಕತ್ತರಿಸಲಾಗದು, ಆದ್ದರಿಂದ 96 ಹಲ್ಲು ತೆಗೆದುಕೊಳ್ಳಿ. ವ್ಯಾಸ 192 ಆಗಿ, ಅರ್ಧ ಸುತ್ತಿಗೆ 301.6 ಮಿ.ಮೀ. ಸಿಗುತ್ತದೆ, ಹೆಚ್ಚಾದ ಒಂದೂವರೆ ಮಿಲಿಮೀಟರನ್ನು ಆಕ್ಚುಯೇಟರಿನ ಕೋನ ಹೊಂದಿಸುವ ಸ್ಕ್ರೂನಿಂದ ತಗ್ಗಿಸಬಹುದು. 95 ಹಲ್ಲಾದರೆ 298.5 ಮಾತ್ರ ಬರುತ್ತದೆ, ಕೊರತೆಯನ್ನು ಯಾವ ಸ್ಕ್ರೂ ಕೂಡ ತುಂಬಿಕೊಡುವುದಿಲ್ಲ.

ಡ್ರಾಯಿಂಗ್ ವಿಭಾಗ: ಪಿಚ್ ವ್ಯಾಸದ ಮಾತು ಸರಿ. ಆದರೆ 95 ಹಲ್ಲಿನ ಪಿನಿಯನ್ನನ್ನೇ ರ‍್ಯಾಕಿನಿಂದ ಅರ್ಧ ಮಿಲಿಮೀಟರ್ ದೂರ ಸರಿಸಿ ಕೂರಿಸಿದರೆ, ಅದು ಉರುಳುವ ವೃತ್ತ ಅಷ್ಟೇ ದೊಡ್ಡದಾಗಿ ಸ್ಟ್ರೋಕ್ ಸರಿಯಾಗಿ 300 ಬರುವುದಿಲ್ಲವೇ?

ಗೇರ್ ಕಟಿಂಗ್ ಹಳಬ: ಬರುವುದಿಲ್ಲ. ರ‍್ಯಾಕಿನಲ್ಲಿ ಹಲ್ಲಿನಿಂದ ಹಲ್ಲಿಗೆ 6.283 ಮಿ.ಮೀ. ಅಂತರವನ್ನು ಕತ್ತರಿಸಿಯಾಗಿದೆ. ಪಿನಿಯನ್ನಿನ ಒಂದು ಹಲ್ಲು ದಾಟಿದರೆ ರ‍್ಯಾಕಿನದೂ ಒಂದೇ ಹಲ್ಲು ದಾಟುತ್ತದೆ, ನೀವು ಅದನ್ನು ಹತ್ತಿರ ಕೂರಿಸಿದರೂ ದೂರ ಕೂರಿಸಿದರೂ ಈ ಎಣಿಕೆ ಬದಲಾಗದು. ದೂರ ಸರಿಸಿದಾಗ ಹೆಚ್ಚುವುದು ಹಲ್ಲುಗಳ ನಡುವಿನ ಸಡಿಲ ಮಾತ್ರ. ದಿಕ್ಕು ಬದಲಿಸುವ ಕ್ಷಣದಲ್ಲಿ ಅದು ಟಕ್ ಎಂದು ಕೇಳಿಸುತ್ತದೆ, ಸ್ಟ್ರೋಕ್ ಆ ಸಡಿಲದಷ್ಟು ಕಡಿಮೆಯೇ ಆಗುತ್ತದೆ. ಅನುಮಾನವಿದ್ದರೆ ಪಿನಿಯನ್ನಿನ ಒಂದು ಹಲ್ಲಿಗೂ ಅದರೆದುರಿನ ರ‍್ಯಾಕಿನ ಸಂದಿಗೂ ಸೀಮೆಸುಣ್ಣದ ಗುರುತು ಹಾಕಿ, ಕೈಯಿಂದ ತಿರುಗಿಸಿ ಎಣಿಸಿ ನೋಡಿ. ಸುತ್ತಿಗೆ ಎಷ್ಟು ದೂರ ಎಂಬುದಕ್ಕೆ ನಾನು ವ್ಯಾಸವನ್ನು ನಂಬುವುದಕ್ಕಿಂತ ಈ ಎಣಿಕೆಯನ್ನೇ ನಂಬುತ್ತೇನೆ.

ಪ್ಯಾಕಿಂಗ್ ಲೈನ್ ಫಿಟ್ಟರ್: ಅರ್ಥವಾಯಿತು ಸರ್. ಹಾಗಾದರೆ ನಾಳೆಯೇ 96 ಹಲ್ಲಿನದನ್ನು ಮಾಡಲು ಕೊಡಲೇ? ಆಕ್ಚುಯೇಟರಿನ ಟಾರ್ಕ್ 24 ನ್ಯೂಟನ್ ಮೀಟರ್, ತಳ್ಳುವ ತೂಕ 18 ಕೆ.ಜಿ.

ಗೇರ್ ಕಟಿಂಗ್ ಹಳಬ: ಕೊಡುವ ಮೊದಲು ಸ್ವಲ್ಪ ತಡೆಯಿರಿ. ಈಗಿನ 48 ಮಿ.ಮೀ. ತ್ರಿಜ್ಯದಲ್ಲಿ ನಿಮಗೆ 500 ನ್ಯೂಟನ್ ಬಲ ಸಿಗುತ್ತಿದೆ, ತ್ರಿಜ್ಯ 96 ಆದಾಗ ಅದು 250ಕ್ಕೆ ಇಳಿಯುತ್ತದೆ. ಜಾರುವ ಹಳಿಯ ಮೇಲೆ 18 ಕೆ.ಜಿ. ತಳ್ಳಲು ಅಷ್ಟು ಸಾಕು, ಆದ್ದರಿಂದ ಬಲದ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಕೊನೆಯ ಹೊಡೆತದ್ದು. ಅದೇ ಸಮಯದಲ್ಲಿ ಎರಡು ಪಟ್ಟು ದೂರ ಹೋಗಬೇಕಾದರೆ ವೇಗ ಎರಡು ಪಟ್ಟಾಗುತ್ತದೆ, ನಿಲ್ಲುವಾಗ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಮತ್ತು ಅದೆಲ್ಲವೂ ಆಕ್ಚುಯೇಟರಿನೊಳಗಿನ ಕುಷನ್ ಮೇಲೆ ಬೀಳುತ್ತದೆ. ಆಕ್ಚುಯೇಟರಿನ ಕ್ಯಾಟಲಾಗಿನಲ್ಲಿ ಅದು ತಡೆಯಬಲ್ಲ ಶಕ್ತಿಯನ್ನು ಜೂಲ್‌ಗಳಲ್ಲಿ ಕೊಟ್ಟಿರುತ್ತಾರೆ. ಅದನ್ನು ನೋಡಿಕೊಳ್ಳದೆ ಪಿನಿಯನ್ ಕತ್ತರಿಸಬೇಡಿ.

ಡ್ರಾಯಿಂಗ್ ವಿಭಾಗ: ಸಡಿಲದ ವಿಷಯದಲ್ಲಿ ನನ್ನ ಎಣಿಕೆ ತಪ್ಪಿತ್ತು, ಒಪ್ಪುತ್ತೇನೆ. ಆದರೆ ಹೊಡೆತ ತಪ್ಪಿಸಲು ವೇಗ ತಗ್ಗಿಸುವುದಕ್ಕಿಂತ ರ‍್ಯಾಕಿನ ತುದಿಯಲ್ಲಿ ಹೊರಗಿನ ಶಾಕ್ ಅಬ್ಸಾರ್ಬರ್ ಇಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಗೇರ್ ಕಟಿಂಗ್ ಹಳಬ: ನಿಮಿಷಕ್ಕೆ ಎಷ್ಟು ಪೆಟ್ಟಿಗೆ ಹೋಗಬೇಕು ಎಂಬುದನ್ನು ಫಿಟ್ಟರ್ ಅವರು ಇನ್ನೂ ಹೇಳಿಲ್ಲ. ನಾಲ್ಕೈದು ಆದರೆ ನಾನು ಗಾಳಿಯ ವಾಲ್ವನ್ನೇ ಬಿಗಿ ಮಾಡಿಬಿಡುತ್ತೇನೆ. ಇಪ್ಪತ್ತಾದರೆ ನಿಮ್ಮ ಮಾತೇ ಸರಿಯಾಗಬಹುದು.